ಶಾಲೆಯ ಕೆಲಸ ಬಿಡದೆ ಲೆಕ್ಕ ಬರೆಯುವ ವೃತ್ತಿಯನ್ನು ಪರೀಕ್ಷಿಸುವುದು ಹೇಗೆ

ಬೇರೆ ವೃತ್ತಿಗೆ ಹೋಗಬೇಕು ಅನ್ನಿಸಿದಾಗ ಹೆಚ್ಚಿನವರು ಮೊದಲು ಒಂದು ಕೋರ್ಸ್ ಸೇರುತ್ತಾರೆ. ಆರು ತಿಂಗಳು ಕಲಿತು ಸರ್ಟಿಫಿಕೇಟ್ ತೆಗೆದುಕೊಳ್ಳುತ್ತಾರೆ. ಆದರೆ ಆ ಕೆಲಸ ದಿನಾ ಮಾಡಿದರೆ ಹೇಗಿರುತ್ತದೆ ಅನ್ನುವುದು ಕೋರ್ಸಿನಲ್ಲಿ ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಾದರೆ ಕೆಲಸವನ್ನೇ ಮಾಡಿ ನೋಡಬೇಕು. ಈಗಿನ ಸಂಬಳ ಕೈಯಲ್ಲಿ ಇರುವಾಗಲೇ, ಸಣ್ಣದಾಗಿ, ನಿಜವಾದ ಗಿರಾಕಿಗೆ, ನಿಜವಾದ ದುಡ್ಡಿಗೆ ಮಾಡಬೇಕು.

ನಾನು ಶಿರಸಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ಹಾಗಾಗಿ ನನಗೆ ಗೊತ್ತಿರುವ ಈ ಒಂದು ಕೆಲಸವನ್ನೇ ಉದಾಹರಣೆಯಾಗಿ ಹಿಡಿಯುತ್ತೇನೆ. ಕುಮಟಾದ ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡುವ ಒಬ್ಬ ಅಕ್ಕೋರು ಇದ್ದಾರೆ ಎಂದಿಟ್ಟುಕೊಳ್ಳಿ. ಬಿ.ಕಾಂ. ಓದಿದ್ದಾರೆ, ಸಂಬಳ ತಿಂಗಳಿಗೆ 18 ಸಾವಿರ. ಅಂಗಡಿ, ಹೋಮ್‌ಸ್ಟೇಗಳ ಲೆಕ್ಕ ಬರೆದುಕೊಟ್ಟು ಬದುಕಬಹುದೇ ಎಂದು ಅವರಿಗೆ ತಿಳಿಯಬೇಕಾಗಿದೆ. ಅವರು ಏನೇನು ಮಾಡಬೇಕು ಎಂದು ಒಂದೊಂದಾಗಿ ನೋಡೋಣ.

ಮೊದಲು ಈಗಿನ ಕೆಲಸದ ಕಾಗದ ತೆಗೆದು ಓದಿ

ನೇಮಕಾತಿ ಪತ್ರ ಎಲ್ಲಿಟ್ಟಿದ್ದೀರಿ ಎಂದು ಹುಡುಕಿ. ಬೇರೆ ಸಂಬಳದ ಕೆಲಸ ಅಥವಾ ವ್ಯವಹಾರ ಮಾಡಬಾರದು ಎಂಬ ಸಾಲು ಅದರಲ್ಲಿ ಇರಬಹುದು. ಇದ್ದರೆ ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಟ್ಟು, ಬರಹದಲ್ಲೇ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಹೆಡ್‌ಮಾಸ್ತರು ಬದಲಾದ ದಿನ ಮುಗಿದುಹೋಗುತ್ತದೆ.

ರಾಜ್ಯ ಸರ್ಕಾರಿ ನೌಕರರಿಗೆ ಈ ದಾರಿ ಇಷ್ಟು ಸುಲಭ ಇಲ್ಲ. 2021ರ ನಡತೆ ನಿಯಮಗಳ ಪ್ರಕಾರ ಅವರು ಸರ್ಕಾರದ ಪೂರ್ವಾನುಮತಿ ಇಲ್ಲದೆ ವ್ಯಾಪಾರವನ್ನಾಗಲಿ ಬೇರೆ ಉದ್ಯೋಗವನ್ನಾಗಲಿ ಮಾಡುವಂತಿಲ್ಲ. ಕಾರವಾರದ ನೌಕಾನೆಲೆ, ಕೈಗಾ ಸ್ಥಾವರ ಮುಂತಾದ ಕಡೆ ಕೇಂದ್ರದ ಅಡಿಯಲ್ಲಿ ಕೆಲಸ ಮಾಡುವವರಿಗೂ ಅವರವರ ನಿಯಮ ಇದೆ. ಅನುದಾನಿತ ಶಾಲೆಯವರು ಕೂಡ ಕೇಳಿಕೊಂಡೇ ಮುಂದೆ ಹೋಗಬೇಕು. ಹೆಂಡತಿಯ ಹೆಸರಿನಲ್ಲಿ ಬಿಲ್ ಮಾಡಿ ಗಂಡ ಕೆಲಸ ಮಾಡುವುದು ಪರೀಕ್ಷೆ ಅಲ್ಲ. ಅದು ಇರುವ ಕೆಲಸವನ್ನೇ ಅಪಾಯಕ್ಕೆ ಒಡ್ಡಿದ ಹಾಗೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಿಕ್ಷಕರಿಗೆ ಎರಡನೇ ಆದಾಯ ಅಂದಕೂಡಲೇ ನೆನಪಾಗುವುದು ಟ್ಯೂಷನ್. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸಿದೆ. ಅದೂ ಅಲ್ಲದೆ, ಟ್ಯೂಷನ್‌ನಿಂದ ಹೊಸ ವೃತ್ತಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಹಿತಾಸಕ್ತಿಯ ಗೊಂದಲವನ್ನೂ ನೋಡಿಕೊಳ್ಳಿ. ಶಾಲೆಯ ಆಡಳಿತ ಮಂಡಳಿಯ ಸದಸ್ಯರ ಅಂಗಡಿಯ ಲೆಕ್ಕ ಹಿಡಿಯಬೇಡಿ. ನೀವು ಸಹಕಾರಿ ಸಂಘದಲ್ಲೋ ಬ್ಯಾಂಕಿನಲ್ಲೋ ಇದ್ದರೆ, ಅಲ್ಲಿ ಸಾಲ ಪಡೆದವರ ಲೆಕ್ಕವನ್ನು ಹೊರಗಿನಿಂದ ಬರೆದುಕೊಡುವುದು ಬೇಡವೇ ಬೇಡ. ನಾಳೆ ಆ ಸಾಲ ಕಂತು ತಪ್ಪಿದರೆ ಮೊದಲ ಪ್ರಶ್ನೆ ನಿಮ್ಮ ಕಡೆಗೇ ಬರುತ್ತದೆ.

ಕೆಲಸವನ್ನು ಬಿಡಿಸಿ ನೋಡಿ

ಲೆಕ್ಕ ಬರೆಯುವುದು ಎಂದರೆ ಕಂಪ್ಯೂಟರ್ ಮುಂದೆ ಕೂತು ಅಂಕಿ ಹಾಕುವುದು ಎಂದು ಹೊರಗಿನಿಂದ ಕಾಣುತ್ತದೆ. ಒಳಗಿನಿಂದ ನೋಡಿದರೆ ಅದು ನಾಲ್ಕು ಕೆಲಸ. ಮಾಲೀಕರಿಂದ ಬಿಲ್, ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿಕೊಳ್ಳುವುದು ಮೊದಲನೆಯದು. ಅವನ್ನು ಟ್ಯಾಲಿಯಲ್ಲೋ ಬೇರೆ ತಂತ್ರಾಂಶದಲ್ಲೋ ಹಾಕುವುದು ಎರಡನೆಯದು. ಪುಸ್ತಕದ ಬಾಕಿಗೂ ಬ್ಯಾಂಕಿನ ಬಾಕಿಗೂ ತಾಳೆ ನೋಡುವುದು ಮೂರನೆಯದು. ತಾಳೆಯಾಗದ್ದನ್ನು ಮಾಲೀಕರಿಗೆ ಕೇಳಿ ಸರಿಪಡಿಸಿ ಸಿಎ ಹತ್ತಿರ ಒಪ್ಪಿಸುವುದು ನಾಲ್ಕನೆಯದು.

ಇದರಲ್ಲಿ ಜನ ಬಿಟ್ಟುಹೋಗುವುದು ಎರಡನೇ ಕೆಲಸ ಕಷ್ಟವಾಗಿ ಅಲ್ಲ, ಮೊದಲನೆಯದು ಮತ್ತು ನಾಲ್ಕನೆಯದು ಸಹಿಸಲು ಆಗದೆ. "ಬಿಲ್ ಎಲ್ಲಾ ಡ್ರಾವರ್‌ನಲ್ಲಿದೆ, ನಾಳೆ ಕೊಡ್ತೆ" ಎನ್ನುವವರ ಹತ್ತಿರ ಬೇಜಾರಾಗದ ಹಾಗೆ ನಾಲ್ಕು ಸಲ ಕೇಳಿ ತರಿಸಿಕೊಳ್ಳುವುದೇ ಈ ವೃತ್ತಿಯ ದೊಡ್ಡ ಪಾಲು. ಅಂಕಿ ಇಷ್ಟ ಎಂಬ ಒಂದೇ ಕಾರಣಕ್ಕೆ ಬಂದವರಿಗೆ ಇದು ಮೊದಲ ತಿಂಗಳಲ್ಲೇ ಗೊತ್ತಾಗಬೇಕು.

ಆದ್ದರಿಂದ ದುಡ್ಡು ಹಾಕುವ ಮೊದಲು ಪರಿಚಯದ ಅಕೌಂಟೆಂಟ್ ಒಬ್ಬರ ಹತ್ತಿರ ಎರಡು ಸಂಜೆ ಕೂತು ಬನ್ನಿ. ಯಾವ ಸಂಜೆ ಎನ್ನುವುದು ಮುಖ್ಯ. ತಿಂಗಳ ಕೊನೆಯ ವಾರ ಹೋದರೆ ಆಫೀಸು ತಣ್ಣಗಿರುತ್ತದೆ, ಚಾ ಕುಡಿದು ಬರುತ್ತೀರಿ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು ಕೊನೆ. ತೆರಿಗೆ ಕಟ್ಟುವ 3ಬಿಗೆ 20 ಕೊನೆ. ಹಾಗಾಗಿ 9ಕ್ಕೋ 10ಕ್ಕೋ ಒಂದು ಸಂಜೆ, 18ಕ್ಕೋ 19ಕ್ಕೋ ಇನ್ನೊಂದು ಸಂಜೆ ಹೋಗಿ. ಫೋನ್ ಎಷ್ಟು ಸಲ ಹೊಡೆದುಕೊಳ್ಳುತ್ತದೆ, ಯಾರು ಏನು ಕೇಳುತ್ತಾರೆ, ಸುಮ್ನೆ ಗಮನಿಸಿ.

ಉತ್ತರ ಗೊತ್ತಿರುವ ಲೆಕ್ಕದಿಂದ ಶುರು ಮಾಡಿ

ಮುಂದಿನ ಹೆಜ್ಜೆಗೆ ಗಿರಾಕಿ ಬೇಡ. ನೆಂಟರಲ್ಲೋ ಸ್ನೇಹಿತರಲ್ಲೋ ಒಂದು ಸಣ್ಣ ಅಂಗಡಿಯವರನ್ನು ಹುಡುಕಿ. ಸಿಎ ಈಗಾಗಲೇ ಲೆಕ್ಕ ಮುಗಿಸಿಕೊಟ್ಟ ಹಳೆಯ ವರ್ಷವೊಂದರ ಮೂರು ತಿಂಗಳ ಬಿಲ್ ಕಟ್ಟು ಕೇಳಿ ತೆಗೆದುಕೊಳ್ಳಿ. ಆ ಮೂರು ತಿಂಗಳ ಲೆಕ್ಕವನ್ನು ನೀವೇ ಮೊದಲಿನಿಂದ ಬರೆಯಿರಿ. ಆಮೇಲೆ ಸಿಎ ಮಾಡಿದ ಪುಸ್ತಕದ ಜೊತೆ ಹೋಲಿಸಿ.

ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ. ಉತ್ತರ ಮೊದಲೇ ಇರುವುದರಿಂದ ಎಲ್ಲಿ ತಪ್ಪಿದಿರಿ ಎಂದು ತಾನಾಗಿ ಕಾಣುತ್ತದೆ, ನಿಮ್ಮ ತಪ್ಪಿನಿಂದ ಯಾರಿಗೂ ನಷ್ಟ ಇಲ್ಲ. ಸಾಮಾನ್ಯವಾಗಿ ವ್ಯತ್ಯಾಸ ಬರುವುದು ಮೂರು ಜಾಗದಲ್ಲಿ. ಮಾಲೀಕರು ಮನೆಗೆ ತೆಗೆದುಕೊಂಡ ದುಡ್ಡನ್ನು ಅಂಗಡಿಯ ಖರ್ಚಿಗೆ ಹಾಕಿರುತ್ತೀರಿ. ಫ್ರಿಜ್ಜಿನಂಥ ವರ್ಷಗಟ್ಟಲೆ ಬಾಳುವ ವಸ್ತುವನ್ನು ಆ ತಿಂಗಳ ಖರ್ಚೆಂದು ಬರೆದಿರುತ್ತೀರಿ. ಬರಬೇಕಾದ ಬಾಕಿ ಬಂದಾಗ ಅದನ್ನೇ ಇನ್ನೊಂದು ಮಾರಾಟ ಎಂದು ಸೇರಿಸಿರುತ್ತೀರಿ. ಮೂರನೆಯದು ಹೊಸಬರು ಮಾಡುವ ದೊಡ್ಡ ತಪ್ಪು. ಒಂದೇ ಮಾರಾಟ ಎರಡು ಸಲ ಲೆಕ್ಕಕ್ಕೆ ಬಂದಿರುತ್ತದೆ.

ಇದಕ್ಕೆ ತಂತ್ರಾಂಶ ಕೊಳ್ಳಬೇಡಿ. ಟ್ಯಾಲಿಯ ಕಲಿಕಾ ಆವೃತ್ತಿ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ತಿಂಗಳ ಕೆಲವೇ ತಾರೀಕುಗಳಿಗೆ ನಮೂದು ಮಾಡಲು ಬರುತ್ತದೆ, ಆದರೆ ಅಭ್ಯಾಸಕ್ಕೆ ಸಾಕು. ಆಮೇಲೆ ಬೇಕಾದರೆ ತಿಂಗಳ ಬಾಡಿಗೆಯ ಲೈಸೆನ್ಸ್ ಇದೆ. ಗಿರಾಕಿಯ ಅಂಗಡಿಯಲ್ಲೇ ಟ್ಯಾಲಿ ಇದ್ದರೆ ಅದರಲ್ಲೇ ಕೆಲಸ ಮಾಡಿ. ಪರೀಕ್ಷೆಯ ಹಂತದಲ್ಲಿ ಹೊಸ ಲ್ಯಾಪ್‌ಟಾಪ್, ಬೋರ್ಡು, ಬಾಡಿಗೆ ಕೋಣೆ ಯಾವುದೂ ಬೇಡ. ಅಷ್ಟು ಖರ್ಚು ಮಾಡಿದ ಮೇಲೆ "ಇದು ನನಗೆ ಆಗುವುದಿಲ್ಲ" ಎಂದು ಒಪ್ಪಿಕೊಳ್ಳುವುದು ಕಷ್ಟವಾಗುತ್ತದೆ. ಪರೀಕ್ಷೆ ಮಾಡುವುದೇ ಆ ಮಾತನ್ನು ಸುಲಭವಾಗಿ ಹೇಳಲು ಆಗಬೇಕು ಎಂದು, ಅಲ್ವಾ?

ನಿಮಗೆ ಅಪಾಯ ಕಡಿಮೆ, ಗಿರಾಕಿಗೆ?

ಉದ್ಯೋಗದ ಜೊತೆ ಮಾಡುವ ಸಣ್ಣ ಕೆಲಸ ಸುರಕ್ಷಿತ ಎಂದು ಹೇಳುವಾಗ ನಾವು ನಮ್ಮ ಸಂಬಳವನ್ನು ಮಾತ್ರ ನೋಡುತ್ತೇವೆ. ಗಿರಾಕಿಯ ಕಡೆಯಿಂದಲೂ ನೋಡಬೇಕು. ಶಾಲೆಯ ವಾರ್ಷಿಕೋತ್ಸವದ ಗಡಿಬಿಡಿಯಲ್ಲಿ ನೀವು ರಿಟರ್ನ್ ಮರೆತರೆ ದಂಡ ಬೀಳುವುದು ಅಂಗಡಿಯವರಿಗೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ. ವಹಿವಾಟೇ ಇಲ್ಲದ ತಿಂಗಳಾದರೂ ದಿನಕ್ಕೆ 20. ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ.

ಹಾಗಾಗಿ ಪರೀಕ್ಷೆಯ ಅವಧಿಯಲ್ಲಿ ರಿಟರ್ನ್ ಹಾಕುವ ಜವಾಬ್ದಾರಿ ತೆಗೆದುಕೊಳ್ಳಬೇಡಿ. ಲೆಕ್ಕ ಬರೆದು, ತಾಳೆ ನೋಡಿ, ಗಿರಾಕಿಯ ಸಿಎ ಹತ್ತಿರ ಒಪ್ಪಿಸುವಲ್ಲಿಗೆ ನಿಮ್ಮ ಕೆಲಸ ಮುಗಿಯಲಿ. ಒಪ್ಪಿಸುವ ದಿನ ಕೊನೆಯ ತಾರೀಕಿಗಿಂತ ಮೂರು ದಿನ ಮುಂಚೆ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವುದು ಎಲ್ಲರಿಗೂ ಗೊತ್ತಿದೆ. ಆ ಮೂರು ದಿನ ಅದಕ್ಕೆ.

ಲೆಕ್ಕ ಬರೆಯಲು ಯಾವ ಪರವಾನಗಿಯೂ ಬೇಕಿಲ್ಲ. ಆದರೆ ಬೇರೆಯವರ ಪರವಾಗಿ ಜಿಎಸ್‌ಟಿ ಕೆಲಸವನ್ನು ವೃತ್ತಿಯಾಗಿ ಮಾಡುವವರಿಗೆ ಜಿಎಸ್‌ಟಿ ಪ್ರಾಕ್ಟೀಷನರ್ ಎಂಬ ನೋಂದಣಿ ಇದೆ. ಬಿ.ಕಾಂ. ಆದವರು ಅರ್ಜಿ ಹಾಕಬಹುದು, ಪರೀಕ್ಷೆ ಪಾಸಾಗಬೇಕು. ಈ ವೃತ್ತಿಗೇ ಬರುವುದು ಎಂದು ತೀರ್ಮಾನವಾದ ಮೇಲೆ ಅದನ್ನು ನೋಡಿದರಾಯಿತು. ಆಡಿಟ್ ಮಾತ್ರ ಸಿಎ ಕೆಲಸ, ಅದರ ಮಾತು ನೀವು ಆಡುವುದೇ ಬೇಡ.

ಗಿರಾಕಿಯ ಪಾಸ್‌ವರ್ಡ್, ಒಟಿಪಿ ಯಾವುದನ್ನೂ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. "ಅಕ್ಕೋರೇ, ಒಟಿಪಿ ಬಂತು, ನೀವೇ ಹಾಕ್ಬಿಡಿ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಅವರೇ ನೋಡಿ ಅವರೇ ಹಾಕುವಂತೆ ಮಾಡಿ.

ಮೊದಲ ಗಿರಾಕಿ: ಗೋಕರ್ಣದ ಒಂದು ಹೋಮ್‌ಸ್ಟೇ

ಮೊದಲ ಗಿರಾಕಿ ನೆಂಟರಾಗಬಾರದು. ಮಾವನ ಅಂಗಡಿಯ ಲೆಕ್ಕ ಬರೆದರೆ ನಿಮ್ಮ ಕೆಲಸಕ್ಕೆ ಬೆಲೆ ಇದೆಯೇ ಎಂದು ತಿಳಿಯುವುದಿಲ್ಲ. ಮಾವ ಚಲೋ ಎನ್ನುತ್ತಾರೆ, ದುಡ್ಡು ಕೇಳಲು ನಿಮಗೆ ಮುಜುಗರ. ಪರಿಚಯದವರ ಮೂಲಕ ಬಂದ ಅಪರಿಚಿತರು ಬೇಕು, ಮೊದಲ ತಿಂಗಳಿನಿಂದಲೇ ಪೂರ್ತಿ ದರ ಇರಬೇಕು. ದರ ಕೇಳಿ ಅವರು ಹಿಂದೆ ಸರಿದರೆ ಅದೂ ಒಂದು ಉತ್ತರವೇ.

ನಮ್ಮ ಅಕ್ಕೋರಿಗೆ ಗೋಕರ್ಣದಲ್ಲಿ ಐದಾರು ಕೋಣೆಯ ಒಂದು ಹೋಮ್‌ಸ್ಟೇ ಸಿಕ್ಕಿತು ಎಂದುಕೊಳ್ಳೋಣ. ತಿಂಗಳಿಗೆ 2,500 ರೂಪಾಯಿ. ಹೆಚ್ಚಿನ ಬುಕಿಂಗ್ ಆನ್‌ಲೈನಿನಲ್ಲಿ ಬರುತ್ತದೆ. ಮಾಲೀಕರು ಬ್ಯಾಂಕಿಗೆ ಬಂದದ್ದನ್ನೇ ಒಂದು ನೋಟ್‌ಬುಕ್ಕಿನಲ್ಲಿ ಆದಾಯ ಎಂದು ಬರೆದಿಟ್ಟಿದ್ದಾರೆ. ಈ ಕೆಲಸದ ಕೌಶಲ ತಿಳಿಯುವುದು ಇಲ್ಲೇ.

ಅತಿಥಿ ಒಂದು ರಾತ್ರಿಗೆ 3,000 ಕೊಟ್ಟ ಎನ್ನಿ. ಬುಕಿಂಗ್ ಕಂಪನಿಯ ಕಮಿಷನ್ ಶೇ. 15 ಎಂದು ಹಿಡಿದರೆ 450 ರೂಪಾಯಿ. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 81 ರೂಪಾಯಿ. ಬೇರೆ ಕಡಿತಗಳನ್ನು ಸದ್ಯ ಬದಿಗಿಟ್ಟರೆ ಬ್ಯಾಂಕಿಗೆ ಬರುವುದು 2,469. ನೋಟ್‌ಬುಕ್ಕಿನಲ್ಲಿ ಇರುವುದು ಈ 2,469. ಲೆಕ್ಕದಲ್ಲಿ ಇರಬೇಕಾದದ್ದು ಆದಾಯ 3,000, ಖರ್ಚು 531.

ಉಳಿಯುವ ದುಡ್ಡು ಎರಡರಲ್ಲೂ ಒಂದೇ, ಮತ್ತೇನು ವ್ಯತ್ಯಾಸ ಎಂದು ಮಾಲೀಕರು ಕೇಳುತ್ತಾರೆ. ವರ್ಷದ ಮೊತ್ತ ಹಾಕಿ ತೋರಿಸಿ. ಬ್ಯಾಂಕಿಗೆ 17 ಲಕ್ಷ ಬಂದಿದ್ದರೆ ಅವರು 20 ಲಕ್ಷದ ಮಿತಿಯೊಳಗೆ ಇದ್ದೇನೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ, ಆದರೆ ಅದನ್ನು ನೋಡುವುದು ಪೂರ್ತಿ ವಹಿವಾಟಿನ ಮೇಲೆ. ಎಲ್ಲ ಬುಕಿಂಗೂ ಇದೇ ಕಮಿಷನ್‌ನಲ್ಲಿ ಬಂದಿದ್ದರೆ 17 ಲಕ್ಷದ ಹಿಂದೆ ಇರುವ ವಹಿವಾಟು ಸುಮಾರು 20 ಲಕ್ಷ 65 ಸಾವಿರ. ಮಿತಿ ದಾಟಿ ಆಗಿದೆ. ಮುಂದೆ ಏನು ಮಾಡಬೇಕು ಎಂಬುದು ಸಿಎ ಹೇಳಬೇಕಾದ ಮಾತು. ಆನ್‌ಲೈನ್ ಬುಕಿಂಗಿನ ತೆರಿಗೆಗೆ ಬೇರೆ ನಿಯಮವೂ ಇದೆ. ಆದರೆ ಈ ಅಂಕಿಯನ್ನು ಸರಿಯಾದ ಹೊತ್ತಿಗೆ ಕಣ್ಣ ಮುಂದೆ ಇಡುವುದು ಲೆಕ್ಕ ಬರೆಯುವವರ ಕೆಲಸ.

ಇಂಥ ಒಂದು ವ್ಯತ್ಯಾಸ ಹಿಡಿದಾಗ ನಿಮಗೆ ಏನನ್ನಿಸುತ್ತದೆ ಎಂದು ಗಮನಿಸಿ. ಇನ್ನೂ ಎಲ್ಲೆಲ್ಲಿ ಹೀಗೆ ಇರಬಹುದು ಎಂದು ಹುಡುಕುವ ಮನಸ್ಸಾದರೆ ಈ ಕೆಲಸ ನಿಮ್ಮದು. "ಅಯ್ಯೋ, ಈಗ ಹಿಂದಿನ ಹತ್ತು ತಿಂಗಳನ್ನೂ ತಿದ್ದಬೇಕಲ್ಲ" ಎಂಬ ಭಾರ ಮಾತ್ರ ಉಳಿದರೆ, ಅದನ್ನೂ ಬರೆದಿಟ್ಟುಕೊಳ್ಳಿ.

ಕೆಲಸ ಹಿಡಿಯುವ ಮೊದಲು ವಾಟ್ಸ್‌ಆಪಿನಲ್ಲಾದರೂ ಸರಿ, ಹೀಗೊಂದು ಒಪ್ಪಂದ ಕಳಿಸಿ, "ಒಪ್ಪಿದೆ" ಎಂಬ ಉತ್ತರ ಪಡೆಯಿರಿ:

"ನಮಸ್ಕಾರ. ಅಕ್ಟೋಬರ್‌ನಿಂದ ಮಾರ್ಚ್ ಕೊನೆಯವರೆಗೆ ನಿಮ್ಮ ಹೋಮ್‌ಸ್ಟೇಯ ಲೆಕ್ಕ ಬರೆದು, ಬ್ಯಾಂಕಿನ ಜೊತೆ ತಾಳೆ ನೋಡಿ, ಪ್ರತಿ ತಿಂಗಳು 8ನೇ ತಾರೀಕಿನೊಳಗೆ ಹಿಂದಿನ ತಿಂಗಳ ಲೆಕ್ಕವನ್ನು ನಿಮಗೂ ನಿಮ್ಮ ಸಿಎ ಅವರಿಗೂ ಕೊಡುತ್ತೇನೆ. ಬಿಲ್ ಮತ್ತು ಸ್ಟೇಟ್‌ಮೆಂಟ್ 3ನೇ ತಾರೀಕಿನೊಳಗೆ ನನಗೆ ತಲುಪಬೇಕು. ತಡವಾಗಿ ಬಂದದ್ದು ಮುಂದಿನ ತಿಂಗಳಿಗೆ ಹೋಗುತ್ತದೆ. ರಿಟರ್ನ್ ಸಲ್ಲಿಕೆ, ಸಾಲದ ಪ್ರಾಜೆಕ್ಟ್ ರಿಪೋರ್ಟ್ ಇದರಲ್ಲಿ ಸೇರಿಲ್ಲ. ತಿಂಗಳಿಗೆ 2,500 ರೂ., 10ನೇ ತಾರೀಕಿನೊಳಗೆ. ಇಬ್ಬರಲ್ಲಿ ಯಾರಿಗೆ ಬೇಡವೆನಿಸಿದರೂ ಒಂದು ತಿಂಗಳು ಮುಂಚೆ ತಿಳಿಸೋಣ."

ಇದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು "ಸೇರಿಲ್ಲ" ಎಂಬ ಸಾಲು. ಎರಡನೇ ತಿಂಗಳಲ್ಲಿ ಯಾರಾದರೂ ಸಾಲದ ಕಾಗದ ಮಾಡಿಕೊಡಿ ಎಂದು ಕೇಳಿಯೇ ಕೇಳುತ್ತಾರೆ.

ಗಂಟೆ ಬರೆಯಿರಿ

ಬಂದ ದುಡ್ಡನ್ನು ಎಲ್ಲರೂ ಎಣಿಸುತ್ತಾರೆ, ಹೋದ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಒಂದು ಸಣ್ಣ ಪುಸ್ತಕದಲ್ಲಿ ಪ್ರತಿ ಸಲ ಕೂತಾಗಲೂ ಏನು ಮಾಡಿದಿರಿ, ಎಷ್ಟು ಹೊತ್ತು ಎಂದು ಬರೆಯಿರಿ. ಫೋನಿನಲ್ಲಿ ಬಿಲ್ ಕೇಳಿದ ಹತ್ತು ನಿಮಿಷವೂ ಇರಲಿ, ಬಸ್ಸಿನಲ್ಲಿ ಕೂತದ್ದೂ ಇರಲಿ.

ನಮ್ಮ ಅಕ್ಕೋರ ಮೊದಲ ತಿಂಗಳು ಹೀಗಿರಬಹುದು. ನಮೂದಿಗೆ 5 ಗಂಟೆ. ಬಿಲ್ ಕೇಳಿ ತರಿಸಿಕೊಳ್ಳಲು 4. ಬ್ಯಾಂಕ್ ತಾಳೆಗೆ 2. ಕುಮಟಾದಿಂದ ಗೋಕರ್ಣಕ್ಕೆ ಎರಡು ಸಲ ಹೋಗಿ ಬಂದದ್ದಕ್ಕೆ 5. ಒಟ್ಟು 16. ಬಸ್ಸಿಗೆ 200 ಕಳೆದರೆ ಉಳಿದದ್ದು 2,300. ಗಂಟೆಗೆ ಸುಮಾರು 144 ರೂಪಾಯಿ.

ಮೂರನೇ ತಿಂಗಳ ಹೊತ್ತಿಗೆ ಬಿಲ್‌ಗಳು ಫೋಟೋ ಆಗಿ ಬರತೊಡಗಿದವು, ಹೋಗಿ ಬರುವುದು ಒಂದೇ ಸಲಕ್ಕೆ ಇಳಿಯಿತು, ನಮೂದೂ ಕೈಗೆ ಹತ್ತಿತು ಎನ್ನಿ. ಈಗ 11 ಗಂಟೆ, ಬಸ್ಸಿಗೆ 100. ಗಂಟೆಗೆ ಸುಮಾರು 218. ಶಾಲೆಯ ಸಂಬಳವನ್ನು ತಿಂಗಳ 180 ಗಂಟೆಗೆ ಹಂಚಿದರೆ ಗಂಟೆಗೆ 100 ಬರುತ್ತದೆ. ಎರಡು ಪಟ್ಟಾಯಿತು, ಇನ್ನೇಕೆ ತಡ ಅನ್ನಿಸುವುದು ಇಲ್ಲೇ. ಇಲ್ಲೇ ನಿಂತು ಇನ್ನೊಂದು ಲೆಕ್ಕ ಹಾಕಬೇಕು.

ಇಂಥ ಎಂಟು ಗಿರಾಕಿಗಳು ಇದ್ದರೆ ತಿಂಗಳಿಗೆ 20 ಸಾವಿರ. ಓಡಾಟ, ಇಂಟರ್‌ನೆಟ್, ತಂತ್ರಾಂಶಕ್ಕೆ 1,500 ಕಳೆದು 18,500. ಗಂಟೆ 88 ಮಾತ್ರ. ಕಾಗದದ ಮೇಲೆ ಇದು ಅರ್ಧ ದಿನದ ಕೆಲಸ. ಆದರೆ ನಿಮ್ಮ ಗಂಟೆ ಪುಸ್ತಕ ತೆಗೆದು ತಾರೀಕು ನೋಡಿ. 11ರಲ್ಲಿ 7 ಗಂಟೆ ತಿಂಗಳ ಮೊದಲ ಹತ್ತು ದಿನದಲ್ಲೇ ಬಿದ್ದಿರುತ್ತದೆ. ಎಂಟು ಜನರಿಗೆ 56 ಗಂಟೆ, ಅಂದರೆ ಒಂದು ದಿನವೂ ರಜೆ ಇಲ್ಲದೆ ದಿನಕ್ಕೆ ಐದೂವರೆ ಗಂಟೆ. ಚೌತಿ ಆ ಹತ್ತು ದಿನದಲ್ಲಿ ಬಂದರೂ ಅಷ್ಟೇ, ಮನೆಯಲ್ಲಿ ಮದುವೆ ಇದ್ದರೂ ಅಷ್ಟೇ. ಈ ವೃತ್ತಿಯಲ್ಲಿ ಎಷ್ಟು ಗಿರಾಕಿಗಳನ್ನು ಹಿಡಿಯಬಹುದು ಎನ್ನುವುದನ್ನು ತಿಂಗಳ ಒಟ್ಟು ಗಂಟೆ ಹೇಳುವುದಿಲ್ಲ, ಆ ಹತ್ತು ದಿನ ಹೇಳುತ್ತವೆ.

ಇದೇ ಲೆಕ್ಕ ಪರೀಕ್ಷೆಯ ಹಂತಕ್ಕೂ ಮಿತಿ ಹಾಕುತ್ತದೆ. ಶಾಲೆ ಮುಗಿಸಿ ಬಂದು ದಿನಕ್ಕೆ ಎರಡು ಗಂಟೆ ಕೂತರೆ ಹತ್ತು ದಿನಕ್ಕೆ 20 ಗಂಟೆ. ಅದರಲ್ಲಿ ಇಬ್ಬರು ಗಿರಾಕಿಗಳು ಹಿಡಿಸುತ್ತಾರೆ, ಕಷ್ಟಪಟ್ಟರೆ ಮೂರು. ಮೂರನೆಯವರು ಬಂದಾಗ ಬೇಡ ಎನ್ನಿ. ಕೈಬಿಟ್ಟ ದುಡ್ಡು ಆ ಹೊತ್ತಿಗೆ ಹೊಟ್ಟೆ ಉರಿಸುತ್ತದೆ, ಆದರೆ ಬರುವ ತಪ್ಪುಗಳು ಹೆಚ್ಚು ದುಬಾರಿ. ಎರಡನೆಯ ಗಿರಾಕಿ ಬೇರೆ ಬಗೆಯವರಾಗಲಿ. ಕುಮಟಾ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿ ಆದರೆ ಖರೀದಿ, ಬಾಕಿ, ಸ್ಟಾಕ್ ಎಲ್ಲದರ ಪರಿಚಯ ಆಗುತ್ತದೆ. ಶಿರಸಿಯ ಅಡಿಕೆ ವ್ಯಾಪಾರಿ ಸಿಕ್ಕಿದರೂ ಸದ್ಯ ಬೇಡ. ಮಳೆಗಾಲದಲ್ಲಿ ಘಟ್ಟ ಹತ್ತಿ ಇಳಿಯುವುದರಲ್ಲೇ ಭಾನುವಾರ ಕಳೆಯುತ್ತದೆ. ಗಿರಾಕಿಗಳು ಘಟ್ಟದ ಒಂದೇ ಬದಿಗೆ ಇರಲಿ.

ಯಾವ ತಿಂಗಳಲ್ಲಿ ಪರೀಕ್ಷೆ?

ಮೂರು ತಿಂಗಳು ಮಾಡಿ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಮೂರು ಎಂದು ಹೇಳುವುದಿಲ್ಲ. ಗೋಕರ್ಣದ ಹೋಮ್‌ಸ್ಟೇಯನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಹಿಡಿದರೆ ಕೆಲಸವೇ ಇರುವುದಿಲ್ಲ. ತುಂಬಾ ಸುಲಭ ಎಂಬ ಸುಳ್ಳು ಧೈರ್ಯ ಬರುತ್ತದೆ. ಮೀನಿನ ವ್ಯಾಪಾರಿಯ ಲೆಕ್ಕ ಹಿಡಿದರೂ ಹಾಗೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ನೋಡಿ ವರ್ಷ ಅಳೆಯುವಂತಿಲ್ಲ.

ಅಕ್ಟೋಬರ್‌ನಲ್ಲಿ ಶುರು ಮಾಡಿ, ಮಾರ್ಚ್ ದಾಟಿಸಿ. ಅಕ್ಟೋಬರ್‌ನಿಂದ ಪ್ರವಾಸಿಗರು ಬರುತ್ತಾರೆ, ಬಿಲ್‌ಗಳ ರಾಶಿ ಬೀಳುತ್ತದೆ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಸ್ಟಾಕ್ ಎಣಿಸಬೇಕು, ಬಾಕಿ ಪಟ್ಟಿ ಮಾಡಬೇಕು, ವರ್ಷದ ತಪ್ಪುಗಳೆಲ್ಲ ಒಟ್ಟಿಗೆ ಮೇಲೆ ಬರುತ್ತವೆ. ಶಿಕ್ಷಕರಿಗೆ ಅದೇ ಹೊತ್ತಿಗೆ ಪರೀಕ್ಷೆ, ಮೌಲ್ಯಮಾಪನ. ಎರಡೂ ಡಿಕ್ಕಿ ಹೊಡೆಯುವುದು ಖಂಡಿತ. ಅದಕ್ಕೇ ಆ ತಿಂಗಳನ್ನು ಬಿಡಬೇಡಿ ಎನ್ನುವುದು. ಮಾರ್ಚ್ ನೋಡದವರು ಈ ವೃತ್ತಿಯನ್ನು ನೋಡಿಲ್ಲ. ಜನವರಿಯಲ್ಲೇ ಸ್ಟಾಕ್ ಪಟ್ಟಿಯ ನಮೂನೆ ಮಾಡಿಟ್ಟು, ಬಾಕಿದಾರರ ಪಟ್ಟಿಯನ್ನು ಫೆಬ್ರವರಿಯಲ್ಲೇ ಒಮ್ಮೆ ತಾಳೆ ನೋಡಿದರೆ ಭಾರ ಸ್ವಲ್ಪ ಇಳಿಯುತ್ತದೆ.

ಮಳೆಗಾಲವನ್ನು ದುಡ್ಡಿನ ಲೆಕ್ಕದಲ್ಲೂ ತರಬೇಕು. ಎಂಟು ಗಿರಾಕಿಗಳಲ್ಲಿ ಮೂರು ಹೋಮ್‌ಸ್ಟೇ ಇದ್ದು, ಜೂನ್‌ನಿಂದ ಸೆಪ್ಟೆಂಬರ್ ತನಕ ಅರ್ಧ ದರ ಕೊಟ್ಟರೆ ತಿಂಗಳಿಗೆ 3,750 ಕಡಿಮೆ. ವರ್ಷಕ್ಕೆ 15 ಸಾವಿರ. ಆಗ ವರ್ಷದ ಆದಾಯ 2 ಲಕ್ಷ 7 ಸಾವಿರ. ಶಾಲೆಯಿಂದ ಬರುವುದು 2 ಲಕ್ಷ 16 ಸಾವಿರ, ಪಿಎಫ್ ಇದ್ದರೆ ಅದು ಬೇರೆ. ಗಂಟೆಗೆ ಎರಡು ಪಟ್ಟು ಎಂದು ಕಂಡದ್ದು ವರ್ಷಕ್ಕೆ ಹೀಗೆ ಕಾಣುತ್ತದೆ. ಬದಲಿಗೆ ಸಿಗುವುದು ತಿಂಗಳ ಕೊನೆಯ ಎರಡು ವಾರದ ಬಿಡುವು. ಅದಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಬೆಲೆ ಇದೆ ಎಂದು ನೀವೇ ಹೇಳಬೇಕು.

ತೆರಿಗೆ, ಬ್ಯಾಂಕು

ಇದು ಚಿಕ್ಕದು. ಈ ದುಡ್ಡಿಗೆ ಬೇರೆ ಉಳಿತಾಯ ಖಾತೆ ಇರಲಿ, ನಗದು ಬೇಡ. ಬಂದದ್ದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ಸಂಬಳದವರು ಹಾಕುವ ಐಟಿಆರ್-1ರಲ್ಲಿ ವೃತ್ತಿಯ ಆದಾಯ ತೋರಿಸಲು ಬರುವುದಿಲ್ಲ, ಐಟಿಆರ್-3 ಅಥವಾ 4 ಬೇಕು. ಬಸ್ಸಿನ ಟಿಕೆಟ್, ಇಂಟರ್‌ನೆಟ್ ಬಿಲ್ ತೆಗೆದಿಡಿ. ಬೇರೆಯವರ ಬಿಲ್ ಕೇಳುವವರ ಹತ್ತಿರ ತಮ್ಮದೇ ಬಿಲ್ ಇಲ್ಲದಿದ್ದರೆ ಚಂದ ಅಲ್ಲ.

ಮುಂದುವರಿಯಬೇಕೋ ಬಿಡಬೇಕೋ

ಈ ತೀರ್ಮಾನದ ಗುರುತುಗಳನ್ನು ಅಕ್ಟೋಬರ್‌ನಲ್ಲೇ ಬರೆದಿಡಿ. ಏಪ್ರಿಲ್‌ನಲ್ಲಿ ಬರೆಯಲು ಕೂತರೆ ಆಗಿನ ದಣಿವೋ ಹುಮ್ಮಸ್ಸೋ ನಿಮ್ಮ ಕೈ ಹಿಡಿದು ಬರೆಸುತ್ತದೆ.

ನಾನು ಹೇಳುವ ಗುರುತುಗಳು ಇವು. ಮುಂದೆ ಹೋಗಬಹುದು ಎನ್ನಲು ಇಬ್ಬರು ಗಿರಾಕಿಗಳ ಲೆಕ್ಕವೂ ಕಡೆಯ ಮೂರು ತಿಂಗಳು ಹೇಳಿದ ದಿನಕ್ಕೆ ಒಪ್ಪಿಸಿರಬೇಕು. ನೀವು ಕೇಳದೆಯೇ ಒಬ್ಬ ಗಿರಾಕಿ ಇನ್ನೊಬ್ಬರನ್ನು ನಿಮ್ಮ ಕಡೆ ಕಳಿಸಿರಬೇಕು. ಸಿಎ ನಿಮ್ಮ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡದೆ ಬಳಸಿಕೊಂಡಿರಬೇಕು. ಮನೆಯ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇರಬೇಕು. ಈ ನಾಲ್ಕರಲ್ಲಿ ಸಿಎ ವಿಷಯ ಅತಿ ಮುಖ್ಯ. ಗಿರಾಕಿಗೆ ನಿಮ್ಮ ಲೆಕ್ಕ ಸರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಸಿಎಗೆ ಗೊತ್ತಾಗುತ್ತದೆ. ಹೋಗಿ ನೇರವಾಗಿ ಕೇಳಿ: "ಸರ್, ಇದರಲ್ಲಿ ನೀವು ಏನೇನು ತಿದ್ದಬೇಕಾಯಿತು?" ಪಟ್ಟಿ ಉದ್ದವಾಗಿದ್ದರೆ ಇನ್ನೊಂದು ವರ್ಷ ಹೀಗೇ ಮುಂದುವರಿಸಿ.

ಬಿಡಬೇಕು ಎನ್ನುವ ಗುರುತನ್ನು ಗಂಟೆ ಪುಸ್ತಕದಲ್ಲೇ ಹುಡುಕಿ. ಯಾವ ಕೆಲಸವನ್ನು ಪ್ರತಿ ತಿಂಗಳೂ ಕೊನೆಯ ದಿನಕ್ಕೆ ತಳ್ಳಿದ್ದೀರಿ? ಬ್ಯಾಂಕ್ ತಾಳೆ ಆದರೆ ಅದು ಅಭ್ಯಾಸದಿಂದ ಸರಿಹೋಗುತ್ತದೆ. ಬಿಲ್ ಕೇಳಲು ಫೋನ್ ಮಾಡುವುದನ್ನೇ ಆರು ತಿಂಗಳೂ ಮುಂದೆ ಹಾಕಿದ್ದರೆ ಅದು ಸರಿಹೋಗುವುದು ಅಪರೂಪ. ಬರೀ ದಣಿವೋ ಎಂದು ಅನುಮಾನ ಇದ್ದರೆ ಆ ಫೋನನ್ನು ಭಾನುವಾರ ಬೆಳಗ್ಗೆ, ನಿದ್ದೆ ತುಂಬಿದ ಮೇಲೆ ಮಾಡಿ ನೋಡಿ. ಆಗಲೂ ಕೈ ಹಿಂಜರಿದರೆ ದಣಿವಿನ ಮಾತಲ್ಲ. ಹಾಗಿದ್ದರೂ ಅಂಕಿಯ ಕೆಲಸ ಇಷ್ಟವಾಗಿದ್ದರೆ ಸ್ವತಂತ್ರವಾಗಿ ಮಾಡುವುದು ಬೇಡ, ಸಿಎ ಆಫೀಸಿನಲ್ಲೋ ಸಹಕಾರಿ ಸಂಘದ ಲೆಕ್ಕ ವಿಭಾಗದಲ್ಲೋ ಕೆಲಸ ಹುಡುಕಬಹುದು. ಅಲ್ಲಿ ಬಿಲ್ ತರಿಸುವವರು ಬೇರೆ, ಬರೆಯುವವರು ಬೇರೆ. ಆರು ತಿಂಗಳ ಪರೀಕ್ಷೆಯಿಂದ ಇಂಥ ಉತ್ತರ ಸಿಕ್ಕರೂ ಅದು ದುಡ್ಡಿಗೆ ಮೋಸ ಇಲ್ಲದ ಉತ್ತರವೇ.

ಎಲ್ಲ ಗುರುತೂ ಕೂಡಿಬಂದರೂ ಶಾಲೆಯನ್ನು ಒಮ್ಮೆಗೇ ಬಿಡಬೇಕಿಲ್ಲ. ಮೊದಲು ಅರ್ಧ ದಿನದ ಅಥವಾ ವಾರಕ್ಕೆ ಮೂರು ದಿನದ ಪಾಠ ಸಿಗುತ್ತದೆಯೇ ಎಂದು ಆಡಳಿತ ಮಂಡಳಿಗೆ ಕೇಳಿ. ಕೇಳುವುದು ಏಪ್ರಿಲ್‌ನಲ್ಲೇ, ಜೂನ್‌ಗೆ ಹೊಸ ವೇಳಾಪಟ್ಟಿ ಆಗುವ ಮೊದಲು.

ಬಿಡುವುದು ಎಂದು ತೀರ್ಮಾನವಾದರೆ ಗಿರಾಕಿಗೆ ಒಂದು ತಿಂಗಳು ಮುಂಚೆ ಹೇಳಿ. ಟ್ಯಾಲಿಯ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಕೊಡಿ, ಮೂಲ ಬಿಲ್‌ಗಳನ್ನು ತಿಂಗಳವಾರು ಕಟ್ಟಿ ಕೊಡಿ. ತಾಳೆಯಾಗದೆ ಉಳಿದ ನಮೂದುಗಳನ್ನು ಒಂದು ಹಾಳೆಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಸಿಎಗೂ ತಲುಪಿಸಿ. ಅವರು ಸಹಿ ಹಾಕಿ ಪಡೆದುಕೊಂಡ ಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ಉಳಿದ ಅವರ ಕಡತಗಳನ್ನು, ಫೋನಿನಲ್ಲಿರುವ ಬಿಲ್ ಫೋಟೋಗಳನ್ನು ಅಳಿಸಿಬಿಡಿ.